ಹುಬ್ಬಳ್ಳಿಯಿಂದ ಸ್ಪಿತಿಗೆ ಸರಕಾರಿ ಬಸ್ಸಿನಲ್ಲಿ: ಖಾಲಿ ದಿನಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು?

ಹಿಮಾಚಲ ಪ್ರದೇಶದ ಕಿನ್ನೌರ್ ಮತ್ತು ಸ್ಪಿತಿಯ ಬೆಟ್ಟದ ಊರುಗಳಿಗೆ ಕಾರು ಬಾಡಿಗೆ ಹಿಡಿಯದೆ ಹೋಗಿಬರಬಹುದೇ ಎಂದು ಹುಬ್ಬಳ್ಳಿ, ಧಾರವಾಡ, ಗದಗದ ಓದುಗರು ಮೇಲಿಂದ ಮೇಲೆ ಕೇಳುತ್ತಿರುತ್ತಾರೆ. ಖಂಡಿತ ಬರಬಹುದು. ಹಿಮಾಚಲದ ಸಾರಿಗೆ ನಿಗಮದ ಬಸ್ಸುಗಳು ನೀವು ಊಹಿಸಿರದ ಮೂಲೆಗೂ ಹೋಗುತ್ತವೆ, ಇಳಿದ ಕಡೆ ಮನೆಗಳಲ್ಲಿ ತಂಗಲು ಕೋಣೆಯೂ ಸಿಗುತ್ತದೆ. ಎಡವಟ್ಟಾಗುವುದು ಅದರ ಬೆನ್ನಿಗೇ ಬರುವ ಪ್ರಶ್ನೆಯಲ್ಲಿ: ‘ಒಂದು ವಾರ ಸಾಕೇ?’ ಸಾಲದು. ಏಕೆ ಸಾಲದು ಎಂಬುದು ತಿಳಿದರೆ ಉಳಿದ ಯೋಜನೆಯನ್ನು ನೀವೇ ಹಾಕಿಕೊಳ್ಳಬಹುದು.

ನಮ್ಮ ಕಡೆ ಒಂದು ಬಸ್ಸು ತಪ್ಪಿದರೆ ಅರ್ಧ ಗಂಟೆ ಹೋಗುತ್ತದೆ. ಹುಬ್ಬಳ್ಳಿ–ಧಾರವಾಡದ ನಡುವೆಯಾದರೆ ಅದೂ ಇಲ್ಲ. ಸ್ಪಿತಿಯ ದಾರಿಯಲ್ಲಿ ಹಲವು ಕಡೆ ದಿನಕ್ಕೆ ಒಂದೋ ಎರಡೋ ಬಸ್ಸು. ಅದು ತಪ್ಪಿತೆಂದರೆ ಒಂದು ದಿನವೇ ಹೋಯಿತು. ಹಾಗಾಗಿ ಅಲ್ಲಿ ಲೆಕ್ಕ ಹಾಕಬೇಕಾದದ್ದು ಗಂಟೆಗಳಲ್ಲಿ ಅಲ್ಲ, ದಿನಗಳಲ್ಲಿ. ಜೊತೆಗೆ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ಎತ್ತರಕ್ಕೆ ಹೊಂದಿಕೊಳ್ಳಲು ದೇಹವೂ ದಿನ ಕೇಳುತ್ತದೆ. ಈ ಮೂರಕ್ಕೂ ಖಾಲಿ ದಿನಗಳು ಬೇಕು. ಖಾಲಿ ದಿನ ಎಂದರೆ ಯಾವ ಊರಿನ ಹೆಸರನ್ನೂ ಬರೆಯದೆ ಬಿಟ್ಟ ದಿನ. ಎಲ್ಲ ಖಾಲಿ ದಿನಗಳನ್ನೂ ಪ್ರವಾಸದ ಕೊನೆಗೆ ಒಟ್ಟುಗೂಡಿಸಿಟ್ಟರೆ ಅವು ಕೆಲಸಕ್ಕೆ ಬರುವುದಿಲ್ಲ. ಅವುಗಳಿಗೂ ಒಂದು ಜಾಗವಿದೆ. ಈ ಲೇಖನ ಮುಖ್ಯವಾಗಿ ಆ ಜಾಗಗಳ ಬಗ್ಗೆ.

1. ತಿಂಗಳನ್ನು ಮೊದಲು ಗೊತ್ತುಮಾಡಿಕೊಳ್ಳಿ

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲ ಬಸ್ಸಿನ ಪ್ರಯಾಣಕ್ಕೆ ಹೇಳಿಮಾಡಿಸಿದ್ದು. ಮಳೆ ಹಿಂದೆ ಸರಿದಿರುತ್ತದೆ, ಹಿಮ ಇನ್ನೂ ಬಿದ್ದಿರುವುದಿಲ್ಲ. ನಮ್ಮ ದಸರೆಯ ರಜೆಯೂ ಸಾಮಾನ್ಯವಾಗಿ ಇದೇ ಹೊತ್ತಿಗೆ ಬರುತ್ತದೆ. ಮೇ ಮತ್ತು ಜೂನ್ ಎರಡನೆಯ ಆಯ್ಕೆ.

ಜುಲೈ, ಆಗಸ್ಟ್ ಬೇಡ. ‘ಸ್ಪಿತಿ ಮಳೆನೆರಳಿನ ಪ್ರದೇಶ, ಅಲ್ಲಿ ಮಳೆಯೇ ಇಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ಪಿತಿಯ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಅಲ್ಲಿಗೆ ಹೋಗುವ ದಾರಿ ಕೆಳ ಕಿನ್ನೌರಿನ ಸತ್ಲಜ್ ಕಣಿವೆಯಲ್ಲಿ ಸಾಗುತ್ತದೆ, ಅಲ್ಲಿ ಮಳೆ ಜೋರು, ಬೆಟ್ಟ ಸಡಿಲ. 2021ರ ಆಗಸ್ಟ್ 11ರಂದು ನಿಗುಲ್ಸಾರಿ ಎಂಬಲ್ಲಿ ಗುಡ್ಡ ಕುಸಿದು ಸರಕಾರಿ ಬಸ್ಸೊಂದು ಮಣ್ಣಿನಡಿ ಸಿಲುಕಿತು. ಆ ದುರಂತದಲ್ಲಿ 28 ಜನ ಸತ್ತರು. ನಿಗುಲ್ಸಾರಿಯ ಹೆಸರು ನೆನಪಿರಲಿ, ಮುಂದೆ ಇನ್ನೊಮ್ಮೆ ಬರುತ್ತದೆ.

2. ಗಟ್ಟಿಯಾಗಿ ಕಾದಿರಿಸಬೇಕಾದದ್ದು ಎರಡೇ ಟಿಕೆಟ್

ಯಶವಂತಪುರದಿಂದ ಚಂಡೀಗಡಕ್ಕೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ ರೈಲು ವಾರಕ್ಕೆ ಎರಡು ದಿನ ಹುಬ್ಬಳ್ಳಿಯ ಮೂಲಕ ಹಾದುಹೋಗುತ್ತದೆ. ಹುಬ್ಬಳ್ಳಿಯಲ್ಲಿ ಹತ್ತಿದರೆ ಎರಡು ರಾತ್ರಿ ರೈಲಿನಲ್ಲಿ ಕಳೆದು ಚಂಡೀಗಡದಲ್ಲಿ ಇಳಿಯುತ್ತೀರಿ. ದಿಲ್ಲಿಯಲ್ಲಿ ಗಂಟುಮೂಟೆ ಹೊತ್ತು ನಿಲ್ದಾಣ ಬದಲಿಸುವ ಗೋಜಿಲ್ಲ. ಗದಗದವರು ಹುಬ್ಬಳ್ಳಿಗೆ ಬಂದು ಹತ್ತುವುದೇ ಸುಲಭ.

ರೈಲ್ವೆಯ ಮುಂಗಡ ಕಾದಿರಿಸುವಿಕೆ 60 ದಿನಗಳ ಮೊದಲು ತೆರೆಯುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಹೋಗುವ ಟಿಕೆಟ್ ತೆಗೆಸಿದ ದಿನ ಬರುವ ಟಿಕೆಟ್ ಇನ್ನೂ ತೆರೆದಿರುವುದಿಲ್ಲ, ಏಕೆಂದರೆ ನೀವು ಮರಳುವುದು ಎರಡು ಮೂರು ವಾರಗಳ ನಂತರ. ‘ಆಮೇಲೆ ತೆಗೆಸಿದರಾಯಿತು’ ಎಂದು ಬಿಟ್ಟವರು ಅದನ್ನು ಮರೆಯುತ್ತಾರೆ, ನೆನಪಾಗುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಬೆಳೆದಿರುತ್ತದೆ. ಹೋಗುವ ಟಿಕೆಟ್ ಕೈಗೆ ಬಂದ ದಿನವೇ ಬರುವ ಟಿಕೆಟ್ ತೆರೆಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.

ಈ ಎರಡು ಟಿಕೆಟ್ ಬಿಟ್ಟು ಬೇರೇನನ್ನೂ ತಾರೀಖಿಗೆ ಕಟ್ಟಿಹಾಕಬೇಡಿ. ಚಂಡೀಗಡದಲ್ಲೊಂದು, ಬೇಕಿದ್ದರೆ ಶಿಮ್ಲಾದಲ್ಲೊಂದು ರಾತ್ರಿಗೆ ಕೋಣೆ ಗೊತ್ತುಮಾಡಿಕೊಳ್ಳಿ. ಅದರಾಚೆಗೆ ಪ್ರತಿ ಊರಿಗೂ ಮುಂಗಡ ಹಣ ಕಳಿಸಿ ಹೊರಟರೆ, ಒಂದು ಬಸ್ಸು ನಿಂತರೂ ನಾಲ್ಕು ಊರಿನ ಹಣ ಕೈಬಿಡುತ್ತದೆ. ಆ ಹಣದ ಆಸೆಗೆ ಜನ ಓಡಬಾರದ ಹೊತ್ತಿನಲ್ಲಿ ಓಡುತ್ತಾರೆ.

3. ಚಂಡೀಗಡದಿಂದ ಪಿಯೋವರೆಗೆ: ಹಗಲಿನಲ್ಲೇ

ಹಿಮಾಚಲದ ಬಸ್ಸುಗಳು ಚಂಡೀಗಡದ ಸೆಕ್ಟರ್ 43ರ ನಿಲ್ದಾಣದಿಂದ ಹೊರಡುತ್ತವೆ. ಆಟೋದವನಿಗೆ ಸುಮ್ಮನೆ ‘ಬಸ್ ಸ್ಟ್ಯಾಂಡ್’ ಎಂದರೆ ಸೆಕ್ಟರ್ 17ಕ್ಕೆ ಕರೆದೊಯ್ದಾನು, ಸಂಖ್ಯೆಯನ್ನು ಬಿಡಿಸಿ ಹೇಳಿ. ಅಲ್ಲಿಂದ ಶಿಮ್ಲಾಕ್ಕೆ ನಾಲ್ಕೈದು ಗಂಟೆ.

ಶಿಮ್ಲಾದಲ್ಲಿ ಬಸ್ಸು ನಿಲ್ಲುವುದು ಊರಿನ ಹೊರಗಿನ ಟೂಟಿಕಂಡಿ ನಿಲ್ದಾಣದಲ್ಲಿ. ಮರುದಿನ ಕಿನ್ನೌರಿನ ಬಸ್ಸು ಹತ್ತುವುದೂ ಅಲ್ಲೇ. ಮಾಲ್ ರಸ್ತೆಯಲ್ಲಿ ಕೋಣೆ ಹಿಡಿದರೆ ನೋಟ ಚೆನ್ನಾಗಿರುತ್ತದೆ ನಿಜ. ಆದರೆ ನಸುಕಿನಲ್ಲಿ ಚೀಲ ಹೊತ್ತು ಮೆಟ್ಟಿಲು ಇಳಿಯುವಾಗ ಆ ನೋಟದ ಬೆಲೆ ಗೊತ್ತಾಗುತ್ತದೆ. ಹೋಗುವಾಗ ನಿಲ್ದಾಣದ ಹತ್ತಿರವೇ ತಂಗಿ, ಶಿಮ್ಲಾ ನೋಡುವುದಿದ್ದರೆ ಬರುವಾಗ ನೋಡಿ.

ಶಿಮ್ಲಾದಿಂದ ರೆಕಾಂಗ್ ಪಿಯೋಗೆ ಒಂದು ಇಡೀ ಹಗಲಿನ ದಾರಿ. ಇದು ಕಿನ್ನೌರಿನ ಜಿಲ್ಲಾ ಕೇಂದ್ರ, ಅಲ್ಲಿನವರ ಬಾಯಲ್ಲಿ ಬರೀ ‘ಪಿಯೋ’. ಚಂಡೀಗಡದಿಂದ ರಾತ್ರಿಯಿಡೀ ಓಡಿ ನೇರ ಪಿಯೋ ಮುಟ್ಟುವ ಬಸ್ಸುಗಳೂ ಇವೆ. ಒಂದು ದಿನ ಉಳಿಯಿತು ಎಂದು ಅನ್ನಿಸುತ್ತದೆ, ಆದರೆ ನಿದ್ದೆಗೆಟ್ಟ ದೇಹ ಆ ದಿನವನ್ನು ಪಿಯೋದಲ್ಲಿ ಮಲಗಿ ವಸೂಲಿ ಮಾಡುತ್ತದೆ. ಸೇಬಿನ ಕೊಯ್ಲಿನ ಕಾಲದಲ್ಲಿ ಥಿಯೋಗ್, ನಾರ್ಕಂಡಾ ಕಡೆ ಲಾರಿಗಳ ಸಾಲು ಸಿಕ್ಕಿ ತಡವಾಗುವುದುಂಟು. ಆದ್ದರಿಂದ ಬೆಳಗಿನ ಮೊದಮೊದಲ ಬಸ್ಸನ್ನೇ ಹಿಡಿಯಿರಿ.

ಸಣ್ಣದೊಂದು ಮಾತು: ನಮ್ಮ ಹೆಣ್ಣುಮಕ್ಕಳು ಟಿಕೆಟ್‌ಗೆಂದು ಆಧಾರ್ ಕಾರ್ಡ್ ತೋರಿಸಿ ಫಲವಿಲ್ಲ, ಶಕ್ತಿ ಯೋಜನೆ ಕರ್ನಾಟಕದ ಗಡಿಗೇ ಮುಗಿಯುತ್ತದೆ. ಆದರೂ ಗುರುತಿನ ಚೀಟಿಯ ಮೂಲ ಪ್ರತಿ ಕೈಗೆ ಸಿಗುವಂತಿರಲಿ, ಸುಮ್ದೋ ತನಿಖಾ ಠಾಣೆಯಲ್ಲಿ ಕೇಳಬಹುದು. ಭಾರತೀಯರಿಗೆ ಈ ದಾರಿಗೆ ಬೇರೆ ಪರವಾನಗಿ ಬೇಕಿಲ್ಲ.

4. ಮಲಗುವ ಎತ್ತರವನ್ನು ಲೆಕ್ಕ ಹಾಕಿ

ಹುಬ್ಬಳ್ಳಿ–ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿನ ಆಸುಪಾಸಿನಲ್ಲಿವೆ. ಸ್ಪಿತಿಯ ಮುಖ್ಯ ಪಟ್ಟಣ ಕಾಜಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಷ್ಟು ಮೇಲೆ ಗಾಳಿಯ ಒತ್ತಡ ಕಡಿಮೆ, ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ವೈದ್ಯರು ಹೇಳುವ ಸರಳ ನಿಯಮವೆಂದರೆ, 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಮರುರಾತ್ರಿಗೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಏರಬಾರದು. ಹಗಲು ಎಷ್ಟು ಎತ್ತರ ಹತ್ತಿ ಇಳಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ಕಿನ್ನೌರಿನ ದಾರಿ ಈ ನಿಯಮಕ್ಕೆ ತಾನಾಗಿಯೇ ಹೊಂದುತ್ತದೆ. ಪಿಯೋ 2,300 ಮೀಟರಿನ ಹತ್ತಿರ, ಅದರ ನೆತ್ತಿಯ ಮೇಲಿರುವ ಕಲ್ಪಾ 2,960. ಪಿಯೋದಿಂದ ಕಲ್ಪಾಕ್ಕೆ ಸ್ಥಳೀಯ ಬಸ್ಸುಗಳು ಓಡಾಡುತ್ತವೆ. ಪಿಯೋದಲ್ಲಿ ಒಂದು ರಾತ್ರಿ, ಕಲ್ಪಾದಲ್ಲಿ ಒಂದು ರಾತ್ರಿ ಕಳೆದರೆ ದೇಹಕ್ಕೆ ಮುನ್ಸೂಚನೆ ಕೊಟ್ಟಂತೆ.

ಇನ್ನು ಮುಂದಿನ ಹೆಜ್ಜೆಯಲ್ಲಿ ಬಹಳ ಜನ ತಪ್ಪುತ್ತಾರೆ. ನಕ್ಷೆಯಲ್ಲಿ ಕಲ್ಪಾದ ನಂತರ ಕಾಣುವ ಚಂದದ ಊರು ನಾಕೋ, ಆಮೇಲೆ ತಾಬೋ. ಹಾಗಾಗಿ ಮೊದಲು ನಾಕೋದಲ್ಲಿ ಇಳಿಯುತ್ತಾರೆ. ಆದರೆ ನಾಕೋ 3,660 ಮೀಟರ್, ಕಲ್ಪಾದಿಂದ ಒಂದೇ ಜಿಗಿತಕ್ಕೆ 700 ಮೀಟರ್. ಅದೇ ಬಸ್ಸಿನಲ್ಲಿ ಇನ್ನೂ ಕೆಲವು ಗಂಟೆ ಕೂತರೆ ರಸ್ತೆ ಮತ್ತೆ ಇಳಿದು ತಾಬೋ ಸಿಗುತ್ತದೆ, ಅದು 3,280. ಹೋಗುವಾಗ ನಾಕೋವನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗಿ, ತಾಬೋದಲ್ಲಿ ಎರಡು ರಾತ್ರಿ ಇರಿ. 996ರಲ್ಲಿ ಕಟ್ಟಿದ ಮಣ್ಣಿನ ಗೋಡೆಗಳ ಬೌದ್ಧ ವಿಹಾರ ಅಲ್ಲಿದೆ. ಒಳಗೆ ಕತ್ತಲು, ಕಣ್ಣು ಪಳಗಿದ ಮೇಲೆ ಗೋಡೆಯ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಅವಸರದವರಿಗಲ್ಲ ಅದು. ನಾಕೋವನ್ನು ಬರುವಾಗ ನೋಡೋಣ, ಅಷ್ಟೊತ್ತಿಗೆ ದೇಹ ಪಳಗಿರುತ್ತದೆ.

ತಲೆನೋವಿನ ಜೊತೆ ಹೊಟ್ಟೆ ತೊಳಸುವುದು, ಊಟ ಬೇಡವಾಗುವುದು, ವಿಪರೀತ ಸುಸ್ತು ಕಂಡರೆ ಅದು ಎತ್ತರದ ಕಾಯಿಲೆಯ ಮೊದಲ ಹಂತ. ಮೇಲೆ ಹೋಗದೆ ಇದ್ದಲ್ಲೇ ಇದ್ದು ವಿಶ್ರಾಂತಿ ತೆಗೆದುಕೊಳ್ಳಿ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು, ನೊರೆಗಟ್ಟಿದ ಕೆಮ್ಮು, ಮಾತಿನಲ್ಲಿ ಗೊಂದಲ ಅಥವಾ ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಲಾಗದ ತೂರಾಟ ಕಂಡರೆ ಅದು ಅಪಾಯ. ತಡಮಾಡದೆ ಕೆಳಗಿಳಿಯಬೇಕು, ಆಗ ಬಸ್ಸಿಗೆ ಕಾಯಬೇಡಿ, ಸಿಕ್ಕ ಟ್ಯಾಕ್ಸಿ ಹಿಡಿಯಿರಿ. ಈ ಕಾಯಿಲೆಗೆ ಮುನ್ನೆಚ್ಚರಿಕೆಯ ಮಾತ್ರೆ ಇದೆ, ಹೆಸರು ಅಸಿಟಜೋಲಮೈಡ್. ಎಲ್ಲರಿಗೂ ಒಗ್ಗುವಂಥದ್ದಲ್ಲ, ಊರು ಬಿಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಹೃದಯದ, ಶ್ವಾಸದ ತೊಂದರೆ ಇರುವವರು, ಬಸುರಿಯರು ಮಾತ್ರೆಯ ಬಗ್ಗೆ ಕೇಳುವುದಕ್ಕೂ ಮೊದಲು ಹೋಗಬಹುದೇ ಎಂದೇ ಕೇಳಬೇಕು.

5. ಪಿಯೋದ ಬೆಳಗಿನ ಬಸ್ಸು

ಪಿಯೋದಿಂದ ಕಾಜಾಕ್ಕೆ ಹೋಗುವ ಬಸ್ಸು ಬೆಳಗ್ಗೆ ಬೇಗ ಹೊರಟು, ಸುಮಾರು 200 ಕಿಲೋಮೀಟರ್ ದಾರಿಯನ್ನು ಇಡೀ ಹಗಲು ಸವೆಸುತ್ತದೆ. ತಾಬೋ ತಲುಪುವುದು ಮಧ್ಯಾಹ್ನ ಇಳಿದ ಮೇಲೆ. ಈ ಬಸ್ಸಿನಲ್ಲಿ ಸೀಟು ಸಿಕ್ಕರೆ ಪ್ರವಾಸ, ಸಿಗದಿದ್ದರೆ ಶಿಕ್ಷೆ.

ಕಲ್ಪಾದಲ್ಲಿ ತಂಗಿ, ಬೆಳಗ್ಗೆ ಎದ್ದು ಪಿಯೋಗೆ ಇಳಿದು ಹಿಡಿದರಾಯಿತು ಎಂದುಕೊಳ್ಳಬೇಡಿ. ಕಲ್ಪಾದ ಮೊದಲ ಸ್ಥಳೀಯ ಬಸ್ಸು ಕೆಳಗೆ ತಲುಪುವಷ್ಟರಲ್ಲಿ ಕಾಜಾದ ಬಸ್ಸಿನ ಸೀಟುಗಳು ತುಂಬಿರಬಹುದು, ಬಸ್ಸೇ ಹೊರಟಿರಲೂಬಹುದು. ಹಿಂದಿನ ಮಧ್ಯಾಹ್ನವೇ ಪಿಯೋಗೆ ಇಳಿಯಿರಿ. ನೇರ ನಿಲ್ದಾಣದ ಕೌಂಟರಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ನಾಳೆ ಕಾಜಾದ ಬಸ್ಸು ಹೋಗುತ್ತದೆಯೇ, ಟಿಕೆಟ್ ಎಷ್ಟು ಗಂಟೆಯಿಂದ ಕೊಡುತ್ತೀರಿ, ದಾರಿ ಕಾಜಾವರೆಗೂ ತೆರೆದಿದೆಯೇ? ಹೊರಡುವ ಸಮಯ ಋತುವಿನಿಂದ ಋತುವಿಗೆ ಬದಲಾಗುವುದರಿಂದ, ಬೇರೆಲ್ಲೋ ಓದಿದ ಸಮಯವನ್ನು ನಂಬಿ ಕೂರುವುದಕ್ಕಿಂತ ಕೌಂಟರಿನವನ ಮಾತು ಲೇಸು. ಆ ರಾತ್ರಿ ನಿಲ್ದಾಣದ ಬಳಿಯೇ ಮಲಗಿ.

ಸೀಟು ಆರಿಸುವ ಅವಕಾಶವಿದ್ದರೆ ಹಿಂದಿನ ಸಾಲನ್ನು ಬಿಡಿ. ಖಾಬ್‌ನಲ್ಲಿ ಸ್ಪಿತಿ ನದಿ ಸತ್ಲಜ್‌ಗೆ ಕೂಡುವ ಸಂಗಮ ದಾಟಿದ ಮೇಲೆ ರಸ್ತೆ ಹಾವಿನಂತೆ ಸುತ್ತಿ ನಾಕೋಗೆ ಏರುತ್ತದೆ, ಹಿಂದಿನ ಸೀಟಿನವರು ಪ್ರತಿ ತಿರುವಿನಲ್ಲೂ ಗಾಳಿಯಲ್ಲಿರುತ್ತಾರೆ. ಬೆಳಗಿನ ತಿಂಡಿ ಮಿತವಾಗಿರಲಿ. ಮಧ್ಯಾಹ್ನ ದಾರಿಯ ಢಾಬಾದಲ್ಲಿ ಬಸ್ಸು ನಿಲ್ಲುತ್ತದೆ, ರಾಜ್ಮಾ–ಅನ್ನ ಬಿಸಿಯಾಗಿ ಸಿಗುತ್ತದೆ. ಇಳಿಯುವಾಗ ಕಂಡಕ್ಟರನ ಮುಖ ಗುರುತಿಟ್ಟುಕೊಳ್ಳಿ, ಅವನು ಕೈ ತೊಳೆದು ಎದ್ದನೆಂದರೆ ನೀವೂ ಏಳಬೇಕು.

6. ವಸತಿ ಬಸ್ಸಿನ ಊರಿಗೆ ಎರಡು ರಾತ್ರಿ

ತಾಬೋದಿಂದ ಕಾಜಾ ಹತ್ತಿರವೇ. ಕಾಜಾದಲ್ಲಿ ಬ್ಯಾಂಕ್, ಆಸ್ಪತ್ರೆ, ಮಾರುಕಟ್ಟೆ ಇವೆ. ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೆ ಹೋಗುವ ಬಸ್ಸುಗಳ ರೀತಿ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ನಸುಕಿನಲ್ಲಿ ಪಟ್ಟಣಕ್ಕೆ ಮರಳುವ ವಸತಿ ಬಸ್ಸನ್ನು ನಮ್ಮ ಕಲಘಟಗಿ, ಶಿಗ್ಗಾಂವಿ, ಮುಂಡರಗಿ ಕಡೆಯ ಹಳ್ಳಿಗಳವರು ಚೆನ್ನಾಗಿ ಬಲ್ಲರು. ಪಿನ್ ಕಣಿವೆಯ ಕೊನೆಯ ಊರಾದ ಮುದ್‌ಗೆ ಹೋಗುವುದೂ ಅಂಥದ್ದೇ ಬಸ್ಸು.

ಈಗ ಲೆಕ್ಕ ನೋಡಿ. ಮಧ್ಯಾಹ್ನದ ಮೇಲೆ ಕಾಜಾ ಬಿಟ್ಟ ಬಸ್ಸು ಮುದ್ ತಲುಪುವುದು ಸಂಜೆಗೆ. ಮರುದಿನ ಬೆಳಗಾಗುತ್ತಲೇ ಅದು ಹೊರಟುಬಿಡುತ್ತದೆ. ‘ಮುದ್‌ನಲ್ಲಿ ಒಂದು ರಾತ್ರಿ’ ಎಂದು ಬರೆದುಕೊಂಡವರು ಆ ಊರನ್ನು ಹಗಲಿನಲ್ಲಿ ನೋಡುವುದೇ ಇಲ್ಲ. ಕತ್ತಲಾಗುವಾಗ ಇಳಿದು ಕತ್ತಲು ಹರಿಯುವಾಗ ಹತ್ತುತ್ತಾರೆ. ವಸತಿ ಬಸ್ಸಿನ ಊರಿಗೆ ಎರಡು ರಾತ್ರಿ ಕೊಡಿ, ಇಲ್ಲವಾದರೆ ಹೋಗಲೇಬೇಡಿ. ಬಸ್ಸು ಹೋಗುವ ಎಲ್ಲ ಊರುಗಳಿಗೂ ಈ ಲೆಕ್ಕ ಹಾಕಿದಾಗ, ನಿಮ್ಮ ಪಟ್ಟಿಯಲ್ಲಿರುವ ಆರೇಳು ಊರುಗಳು ಎರಡು ಮೂರಕ್ಕೆ ಇಳಿಯುತ್ತವೆ.

ಮುದ್ ಅನ್ನು ನಾನು ಆರಿಸಲು ಇನ್ನೊಂದು ಕಾರಣ ಅದರ ಎತ್ತರ. ಕಾಜಾಕ್ಕಿಂತ ಸ್ವಲ್ಪವೇ ಮೇಲೆ, 3,800 ಮೀಟರಿನ ಒಳಗೆ ಹೊರಗೆ. ಹೆಸರುವಾಸಿಯಾದ ಕಿಬ್ಬರ್ 4,200 ಮೀಟರಿನ ಸುತ್ತಮುತ್ತ ಇದೆ. ಅಲ್ಲಿ ಮಲಗುವುದಾದರೆ ಮೊದಲು ಕಾಜಾದಲ್ಲಿ ಇನ್ನೊಂದು ರಾತ್ರಿ ಬೇಕಾಗುತ್ತದೆ.

ವಸತಿ ಬಸ್ಸಿನ ಚಾಲಕ, ಕಂಡಕ್ಟರ್ ರಾತ್ರಿ ಅದೇ ಊರಿನಲ್ಲಿ ಇರುತ್ತಾರೆ. ಇಳಿಯುವಾಗಲೇ ‘ನಾಡಿದ್ದು ಬೆಳಗ್ಗೆ ಬರುತ್ತೇವೆ, ಎಷ್ಟಕ್ಕೆ ಹೊರಡುತ್ತೀರಿ’ ಎಂದು ಕೇಳಿಡಿ. ಹೊರಡುವ ಮುನ್ನಾದಿನದ ರಾತ್ರಿ ನೀವು ತಂಗಿದ ಮನೆಯವರನ್ನೂ ಒಮ್ಮೆ ಕೇಳಿ. ನಾಳೆ ಬಸ್ಸು ಇದೆಯೋ ಇಲ್ಲವೋ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

7. ಮನೆಯಲ್ಲಿ ತಂಗುವಾಗ

ಇಲ್ಲಿನ ಹೋಂಸ್ಟೇ ಶಿರಸಿ, ಜೋಯಿಡಾ ಕಡೆ ನೀವು ಕಂಡದ್ದಲ್ಲ. ಹೆಚ್ಚಿನ ಕಡೆ ಅದು ನಿಜಕ್ಕೂ ಒಂದು ಸಂಸಾರದ ಮನೆ, ಒಂದೆರಡು ಕೋಣೆ ಅತಿಥಿಗಳಿಗೆ. ದರ ಮಾತಾಡುವಾಗ ಎರಡು ವಿಷಯ ಬಿಡಿಸಿ ಕೇಳಿ: ಹೇಳಿದ ಹಣ ಕೋಣೆಗೋ ತಲೆಗೋ, ಅದರಲ್ಲಿ ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಸೇರಿದೆಯೋ ಇಲ್ಲವೋ? ಇದನ್ನು ಕೇಳದೆ ಚೀಲ ಇಳಿಸಿದರೆ ಹೊರಡುವ ಹೊತ್ತಿಗೆ ಮುಖ ಮುರಿಯುತ್ತದೆ.

ಫೋನ್ ಮಾಡಿ ಹೇಳುವಾಗ ತಾರೀಖಿನ ಜೊತೆ ‘ಒಂದು ದಿನ ಹಿಂದೆಮುಂದೆ ಆಗಬಹುದು’ ಎಂದು ಸೇರಿಸಿ. ಅಲ್ಲಿನವರಿಗೆ ಅದು ಹೊಸದಲ್ಲ, ಅವರ ಮನೆಯವರೂ ಅದೇ ಬಸ್ಸಿನಲ್ಲಿ ಬರುವವರು. ಸಸ್ಯಾಹಾರಿಗಳು ಅದನ್ನೂ ಆಗಲೇ ತಿಳಿಸಿ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನೂ. ತುಕ್ಪಾ ಎಂಬ ಹಿಟ್ಟಿನ ಎಳೆಗಳ ಗಂಜಿಯಂಥ ಸಾರನ್ನು ತರಕಾರಿ ಹಾಕಿಯೂ ಮಾಡಿಕೊಡುತ್ತಾರೆ. ಬೆಣ್ಣೆಯ ಉಪ್ಪು ಚಹಾ ಕೊಟ್ಟರೆ ಮೊದಲ ಗುಟುಕಿಗೆ ತೀರ್ಮಾನ ಹೇಳಬೇಡಿ. ನಮ್ಮ ಚಹಾ ಎಂದುಕೊಂಡು ಕುಡಿದರೆ ರುಚಿಸದು, ತೆಳು ಸಾರು ಎಂದುಕೊಂಡು ಕುಡಿದರೆ ಇಳಿಯುತ್ತದೆ.

ಹಳೆಯ ಮನೆಗಳಲ್ಲಿ ಒಣ ಶೌಚಾಲಯ ಇರುತ್ತದೆ. ಮಹಡಿಯ ಮೇಲೊಂದು ಕೋಣೆ, ನೆಲದಲ್ಲಿ ಆಯತಾಕಾರದ ತೂತು, ಪಕ್ಕದಲ್ಲಿ ಒಣಮಣ್ಣಿನ ರಾಶಿ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಒಂದೆರಡು ಸಲಿಕೆ ಮಣ್ಣು ತೂತಿನೊಳಗೆ ತಳ್ಳಬೇಕು. ಕೆಳಗೆ ಗೊಬ್ಬರವಾಗಿ ಅದು ಹೊಲಕ್ಕೆ ಹೋಗುತ್ತದೆ. ನಮ್ಮ ಅಭ್ಯಾಸಬಲದಿಂದ ಬಕೆಟ್ಟುಗಟ್ಟಲೆ ನೀರು ಸುರಿದರೆ ಗೊಬ್ಬರ ಕೆಡುತ್ತದೆ, ವಾಸನೆ ಇಡೀ ಮನೆಗೆ ಹರಡುತ್ತದೆ. ಪ್ಲಾಸ್ಟಿಕ್, ಪ್ಯಾಡ್ ಇತ್ಯಾದಿಗಳನ್ನು ಅದರಲ್ಲಿ ಹಾಕಲೇಬಾರದು, ಒಂದು ಚೀಲದಲ್ಲಿ ಕಟ್ಟಿ ಕಾಜಾಕ್ಕೆ ಒಯ್ಯಿರಿ. ಬಿಸಿನೀರು ಬಕೆಟ್ಟಿನ ಲೆಕ್ಕದಲ್ಲಿ ಸಿಗುತ್ತದೆ, ದಿನವೂ ತಲೆಸ್ನಾನದ ಹಟ ಬೇಡ.

ಹಣವನ್ನು ಪಿಯೋದಲ್ಲೇ ನಗದಾಗಿ ತೆಗೆದುಕೊಳ್ಳಿ, ಮರಳಿ ಪಿಯೋ ಮುಟ್ಟುವವರೆಗೆ ಸಾಲುವಷ್ಟು. ಕಾಜಾದಲ್ಲಿ ಎಟಿಎಂ ಇದ್ದರೂ ವಿದ್ಯುತ್ತು, ನೆಟ್‌ವರ್ಕ್, ನೋಟು ಮೂರೂ ಒಟ್ಟಿಗೆ ಇರಬೇಕಲ್ಲ. ಮೊಬೈಲಿನಲ್ಲಿ ಹಣ ಕಳಿಸುವುದು ಸಿಗ್ನಲ್ ಇದ್ದಾಗಿನ ಮಾತು.

8. ದಿನಗಳ ಹಂಚಿಕೆ: ಒಂದು ಉದಾಹರಣೆ

ಇಬ್ಬರು ಗದಗದಿಂದ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಚಂಡೀಗಡದಲ್ಲಿ ಇಳಿದ ಮರುದಿನವನ್ನು 1 ಎಂದು ಎಣಿಸೋಣ.

1ನೇ ದಿನ ಶಿಮ್ಲಾ. 2ಕ್ಕೆ ಪಿಯೋ. 3ಕ್ಕೆ ಕಲ್ಪಾ. 4ರ ಮಧ್ಯಾಹ್ನ ಮತ್ತೆ ಪಿಯೋಗೆ ಇಳಿದು ಟಿಕೆಟ್ಟಿನ ವಿಚಾರಣೆ. 5ಕ್ಕೆ ತಾಬೋ, 6 ಅಲ್ಲೇ. 7ಕ್ಕೆ ಕಾಜಾ. 8ರ ಸಂಜೆ ವಸತಿ ಬಸ್ಸಿನಲ್ಲಿ ಮುದ್, 9 ಅಲ್ಲೇ. 10ರ ಬೆಳಗ್ಗೆ ಕಾಜಾಕ್ಕೆ ವಾಪಸು, ಉಳಿದ ದಿನ ಖಾಲಿ. 11ಕ್ಕೆ ಕಾಜಾದಿಂದ ನಾಕೋ. 12ಕ್ಕೆ ಪಿಯೋ. 13ಕ್ಕೆ ಪಿಯೋದಿಂದ ಜ್ಯೂರಿಯಲ್ಲಿ ಇಳಿದು ಸರಾಹನ್. 14 ಖಾಲಿ. 15ಕ್ಕೆ ಶಿಮ್ಲಾ, 16ಕ್ಕೆ ಚಂಡೀಗಡ, 17ಕ್ಕೆ ರೈಲು. ರೈಲಿನ ದಿನಗಳೂ ಸೇರಿ ಮೂರು ವಾರ.

ಇದರಲ್ಲಿ ಖಾಲಿ ದಿನ ಎರಡೇ ಎಂದು ಕಾಣುತ್ತದೆ, ವಾಸ್ತವದಲ್ಲಿ ಮೂರು. ನಾಕೋದ ರಾತ್ರಿಯೂ ಒಂದು ಅಡಗಿಸಿಟ್ಟ ಖಾಲಿ ದಿನ, ಏಕೆಂದರೆ ಕಾಜಾದಿಂದ ಪಿಯೋಗೆ ಒಂದೇ ಹಗಲಿನಲ್ಲಿ ಬರಲು ಸಾಧ್ಯವಿದೆ.

11ನೇ ದಿನ ಬೆಳಗ್ಗೆ ಕಾಜಾದ ನಿಲ್ದಾಣದಲ್ಲಿ ‘ಮಲಿಂಗ್ ನಾಲಾದ ಹತ್ತಿರ ಸ್ಲೈಡ್ ಆಗಿದೆ, ಬಸ್ಸು ಹೋಗುವುದಿಲ್ಲ’ ಎಂದರು ಎಂದುಕೊಳ್ಳಿ. ಸ್ಲೈಡ್ ಎಂದರೆ ಅಲ್ಲಿನವರ ಮಾತಿನಲ್ಲಿ ಗುಡ್ಡ ಕುಸಿತ, ಮಲಿಂಗ್ ನಾಲಾ ನಾಕೋ ಪಕ್ಕದ ಕುಖ್ಯಾತ ಹಳ್ಳ. ಆ ದಿನ ಕಾಜಾದಲ್ಲೇ ಉಳಿಯಿರಿ. 12ಕ್ಕೆ ದಾರಿ ತೆರೆದರೆ ನಾಕೋವನ್ನು ಬಿಟ್ಟು ನೇರ ಪಿಯೋಗೆ ಬನ್ನಿ. ನೀವು ಮತ್ತೆ ಯೋಜನೆಯ ಸಾಲಿನಲ್ಲೇ ಇದ್ದೀರಿ. 12ಕ್ಕೂ ತೆರೆಯದೆ 13ಕ್ಕೆ ತೆರೆದರೆ, 13ಕ್ಕೆ ಪಿಯೋ, 14ಕ್ಕೆ ಸರಾಹನ್, 15ಕ್ಕೆ ಶಿಮ್ಲಾ. ಎರಡು ದಿನ ರಸ್ತೆ ಮುಚ್ಚಿದರೂ ರೈಲು ತಪ್ಪಲಿಲ್ಲ. ಮೂರನೆಯ ದಿನವೂ ಮುಚ್ಚಿದ್ದರೆ 14ಕ್ಕೆ ಪಿಯೋ, ಸರಾಹನ್ ಬಿಟ್ಟು 15ಕ್ಕೆ ನೇರ ಶಿಮ್ಲಾ. ಅಲ್ಲಿಗೆ ಜೋಳಿಗೆ ಬರಿದು, ಅದಕ್ಕೂ ಮುಂದೆ ಹೋದರೆ ಟಿಕೆಟ್ ರದ್ದು ಮಾಡುವ ಮಾತು. ರೈಲು ಹೊರಡುವ ಹೊತ್ತು ಹತ್ತಿರವಾದಷ್ಟೂ ಕಡಿತ ಹೆಚ್ಚುವುದರಿಂದ ಆ ನಿರ್ಧಾರವನ್ನು ಕಾಜಾದಲ್ಲಿರುವಾಗಲೇ ಮಾಡಿ.

ಅಷ್ಟು ರಜೆ ಇಲ್ಲದವರು ತಾಬೋದಿಂದಲೇ ಹಿಂದಿರುಗಲಿ: 7ಕ್ಕೆ ಪಿಯೋ, 8ಕ್ಕೆ ಸರಾಹನ್, 9 ಖಾಲಿ, 10ಕ್ಕೆ ಶಿಮ್ಲಾ, 11ಕ್ಕೆ ಚಂಡೀಗಡ. ಊರುಗಳನ್ನು ಕಡಿಮೆ ಮಾಡಿ, ಖಾಲಿ ದಿನಕ್ಕೆ ಕೈ ಹಾಕಬೇಡಿ. ಕಾಜಾದಿಂದ ಕುಂಜುಮ್ ಕಣಿವೆಮಾರ್ಗ ದಾಟಿ ಮನಾಲಿಗೆ ಇಳಿದರೆ ಒಂದು ಸುತ್ತು ಪೂರ್ತಿಯಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ಕಣಿವೆಮಾರ್ಗ 4,500 ಮೀಟರಿಗೂ ಮೇಲಿದೆ, ಅಕ್ಟೋಬರಿನಲ್ಲಿ ಒಂದು ಹಿಮಪಾತಕ್ಕೆ ಮುಚ್ಚಬಹುದು. ಮುಚ್ಚಿದರೆ ನೀವು ಹಿಂದೆ ಬಂದು ಇದೇ ದಾರಿಯಲ್ಲಿ ಇಳಿಯಬೇಕು, ಆಗ ಎಷ್ಟು ಖಾಲಿ ದಿನಗಳಿದ್ದರೂ ಸಾಲವು. ರೈಲಿನ ತಾರೀಖು ಕುತ್ತಿಗೆಗೆ ಕಟ್ಟಿಕೊಂಡವರಿಗೆ ಹೋದ ದಾರಿಯಲ್ಲೇ ಬರುವುದು ಸರಿ.

9. ರಸ್ತೆ ಮುಚ್ಚಿದಾಗ ಏನು ಮಾಡುವುದು

ಎಲ್ಲ ಸ್ಲೈಡುಗಳೂ ಬಸ್ಸನ್ನು ದಿನಗಟ್ಟಲೆ ನಿಲ್ಲಿಸುವುದಿಲ್ಲ. ಕೆಲವೊಮ್ಮೆ ಗಂಟೆ ಎರಡು ಗಂಟೆಯಲ್ಲಿ ಜೆಸಿಬಿ ಬಂದು ದಾರಿ ಮಾಡುತ್ತದೆ. ಇನ್ನು ಕೆಲವೊಮ್ಮೆ ಬಸ್ಸು ಈಚೆ ನಿಲ್ಲುತ್ತದೆ, ಆಚೆಯಿಂದ ಬಂದ ಬಸ್ಸು ಆಚೆ ನಿಲ್ಲುತ್ತದೆ, ಪ್ರಯಾಣಿಕರು ನಡುವಿನ ಕುಸಿದ ಜಾಗವನ್ನು ನಡೆದು ದಾಟಿ ಬಸ್ಸು ಬದಲಿಸುತ್ತಾರೆ. ಇದಕ್ಕೆ ಅಲ್ಲಿ ‘ಟ್ರಾನ್ಸ್‌ಶಿಪ್‌ಮೆಂಟ್’ ಎನ್ನುತ್ತಾರೆ. ಗಾಲಿಯ ಸೂಟ್‌ಕೇಸ್ ಬೇಡ ಎನ್ನುವುದು ಈ ಅರ್ಧ ಕಿಲೋಮೀಟರಿಗಾಗಿ. ಬೆನ್ನಿಗೆ ಹಾಕುವ ಒಂದೇ ಚೀಲ, ಎರಡೂ ಕೈ ಖಾಲಿ.

ದಾಟುವಾಗ ಮೇಲೆ ನೋಡುತ್ತಿರಬೇಕು, ಫೋಟೋಕ್ಕೆಂದು ನಿಲ್ಲಬಾರದು. ಸಣ್ಣ ಕಲ್ಲುಗಳು ಇನ್ನೂ ಉರುಳುತ್ತಿದ್ದರೆ ಬೆಟ್ಟ ನೆಲೆಗೊಂಡಿಲ್ಲ ಎಂದರ್ಥ, ಆಗ ಯಾರು ದಾಟಿದರೂ ನೀವು ದಾಟಬೇಡಿ. ರಸ್ತೆಯ ಕೆಲಸಗಾರರು, ಪೊಲೀಸರು ಸನ್ನೆ ಮಾಡಿದ ಮೇಲೆಯೇ ಹೊರಡಿ. ಬೇಸಗೆಯಲ್ಲಿ ಹಿಮ ಕರಗಿದ ನೀರು ಮಧ್ಯಾಹ್ನದ ಮೇಲೆ ಹಳ್ಳಗಳಲ್ಲಿ ಏರುತ್ತದೆ, ಬೆಳಗ್ಗೆ ಇಳಿದಿರುತ್ತದೆ. ಬೆಳಗಿನ ಬಸ್ಸೇ ಆಗಬೇಕು ಎನ್ನಲು ಇದೂ ಒಂದು ಕಾರಣ.

ಬಸ್ಸು ನಡುದಾರಿಯಲ್ಲಿ ನಿಂತ ದಿನಕ್ಕೆಂದು ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಊರಿನಿಂದಲೇ ಇರಲಿ. ಅಲ್ಲಿನ ಒಣ ಹವೆಯಲ್ಲಿ ರೊಟ್ಟಿ ವಾರಗಟ್ಟಲೆ ಮೆತ್ತಗಾಗುವುದಿಲ್ಲ. ಪಕ್ಕದ ಸೀಟಿನವರಿಗೂ ಮುರಿದು ಕೊಟ್ಟರೆ ಮುಂದಿನ ಸುದ್ದಿ ಮೊದಲು ನಿಮಗೇ ಸಿಗುತ್ತದೆ.

10. ಕೊನೆಯ ಖಾಲಿ ದಿನ ಕುಸಿತದ ಜಾಗಗಳ ಕೆಳಗೆ

ಮೇಲೆ ಹೇಳಿದ 14ನೇ ದಿನವನ್ನು ಪಿಯೋದಲ್ಲೋ ಕಲ್ಪಾದಲ್ಲೋ ಕಳೆಯುವ ಆಸೆ ಬರುತ್ತದೆ, ಎದುರಿಗೇ ಕಿನ್ನರ ಕೈಲಾಸ. ಆದರೆ ಪಿಯೋದಿಂದ ಕೆಳಗಿಳಿಯುವ ದಾರಿಯಲ್ಲಿ ನಿಗುಲ್ಸಾರಿ ಇನ್ನೂ ಬಾಕಿ ಇರುತ್ತದೆ. ಆ ರಾತ್ರಿ ಅಲ್ಲಿ ಗುಡ್ಡ ಜಾರಿದರೆ ನಿಮ್ಮ ಖಾಲಿ ದಿನ ಅದಾಗಲೇ ಖರ್ಚಾಗಿರುತ್ತದೆ. ಆದ್ದರಿಂದ ಮೊದಲು ಆ ಜಾಗ ದಾಟಿ ಬಂದು, ಆಮೇಲೆ ವಿಶ್ರಾಂತಿ ತೆಗೆದುಕೊಳ್ಳಬೇಕು.

ಅದಕ್ಕೆ ಸರಾಹನ್ ಸರಿಯಾದ ಊರು. ನಿಗುಲ್ಸಾರಿ ದಾಟಿದ ಮೇಲೆ ಸಿಗುವ ಜ್ಯೂರಿಯಲ್ಲಿ ಇಳಿದು, ಬೇರೆ ಬಸ್ಸಿನಲ್ಲಿ ಸುಮಾರು 17 ಕಿಲೋಮೀಟರ್ ಮೇಲೆ ಹತ್ತಬೇಕು. ಕಲ್ಲು ಮತ್ತು ಮರದ ತೊಲೆಗಳನ್ನು ಸಾಲುಸಾಲಾಗಿ ಪೇರಿಸಿ ಕಟ್ಟಿದ ಭೀಮಾಕಾಳಿ ದೇವಸ್ಥಾನ ಅಲ್ಲಿದೆ. ಒಳಗೆ ಹೋಗುವಾಗ ಚರ್ಮದ ಬೆಲ್ಟು, ಪರ್ಸು ಹೊರಗಿಡಬೇಕು, ತಲೆಗೆ ಟೋಪಿ ಹಾಕಬೇಕು. ಜ್ಯೂರಿಗೆ ಬರುವಾಗ ಸಂಜೆಯಾಗಿದ್ದು ಸರಾಹನ್‌ನ ಬಸ್ಸು ಹೋಗಿಬಿಟ್ಟಿದ್ದರೆ ಮೇಲೆ ಹತ್ತುವ ಹಟ ಬಿಟ್ಟು ರಾಮ್‌ಪುರಕ್ಕೆ ಮುಂದುವರಿಯಿರಿ. ಅಲ್ಲಿಂದ ಶಿಮ್ಲಾಕ್ಕೆ ದಿನವಿಡೀ ಬಸ್ಸುಗಳಿವೆ.

ಸರಾಹನ್‌ನಿಂದ ಹೊರಡುವ ದಿನ ಬೆಳಗಿನ ಬಸ್ಸನ್ನು ಹಿಂದಿನ ಸಂಜೆಯೇ ವಿಚಾರಿಸಿಡಿ. ಶಿಮ್ಲಾಕ್ಕೆ ನೇರ ಬಸ್ಸು ಸಿಗದಿದ್ದರೆ ಜ್ಯೂರಿಗೆ ಇಳಿದು ಹೆದ್ದಾರಿಯಲ್ಲಿ ನಿಂತರೆ ಪಿಯೋದ ಕಡೆಯಿಂದ ಬರುವ ಬಸ್ಸುಗಳು ಸಿಗುತ್ತವೆ, ಆದರೆ ಅವುಗಳಲ್ಲಿ ಸೀಟಿನ ಭರವಸೆ ಇಲ್ಲ. ರಾಮ್‌ಪುರದವರೆಗೆ ನಿಂತು ಬಂದು, ಅಲ್ಲಿಂದಲೇ ಹೊರಡುವ ಬಸ್ಸಿನಲ್ಲಿ ಕೂತುಬಿಡುವುದು ಜಾಣತನ.